ಒಂದೇ ಮನೆಗೆ ಎರಡು ಎಸ್ಟಿಮೇಟ್: ನವೀಕರಣದ ಬಜೆಟ್‌ನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಲಕ್ಷಣ

ಮನೆಯವರು ಕಂಪ್ಯೂಟರ್‌ನಲ್ಲಿ ಕೂತು ಮಾಡಿದ ಲೆಕ್ಕ 1,40,945 ರೂಪಾಯಿ. ಮೇಸ್ತ್ರಿ ಹೇಳಿದ ಮೊತ್ತ 2,25,000. ಕೆಲಸ ಮಾತ್ರ ಒಂದೇ. ಇಂಥ ಎರಡು ಕಾಗದ ಎದುರಿಗೆ ಬಂದಾಗ ಹೆಚ್ಚಿನವರು ಮಾಡುವುದು ಎರಡರಲ್ಲೊಂದು. ಮೇಸ್ತ್ರಿ ಜಾಸ್ತಿ ಕೇಳ್ತಿದ್ದಾನೆ ಅಂತ ಚೌಕಾಸಿಗೆ ಇಳಿಯುತ್ತಾರೆ. ಇಲ್ಲವೇ ಎರಡನ್ನೂ ಕೂಡಿಸಿ ಅರ್ಧ ಮಾಡಿ 1.8 ಲಕ್ಷಕ್ಕೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಎರಡೂ ದಾರಿಯಲ್ಲಿ ತಪ್ಪು ಎಲ್ಲಿತ್ತು ಅನ್ನೋದು ಗೊತ್ತಾಗುವುದೇ ಇಲ್ಲ. ಅದು ಗೊತ್ತಾಗುವುದು ಅರ್ಧ ಕೆಲಸ ಮುಗಿದು ದುಡ್ಡು ಖಾಲಿಯಾದಾಗ.

ಇಲ್ಲಿ ಹಿಡಿದಿರುವುದು ಕೋಲಾರದ ಒಂದು ಹಳೇ ಮನೆ. ಸೈಜ್ ಕಲ್ಲಿನ ಗೋಡೆ, ದಪ್ಪ 15 ಇಂಚು. ಮೇಲೆ ಕಲ್ಲಿನ ಚಪ್ಪಡಿ ಸೂರು. ಹಾಲ್ 16 ಅಡಿಗೆ 12, ರೂಮು 12ಕ್ಕೆ 10, ಬಚ್ಚಲು 7ಕ್ಕೆ 5. ಎತ್ತರ 10 ಅಡಿ. ಆಗಬೇಕಾದ ಕೆಲಸ: ಹಾಲ್ ಮತ್ತು ರೂಮಿನ ಒಳಗೋಡೆಗಳ ಹಳೇ ಗಾರೆ ಕಿತ್ತು ಹೊಸದಾಗಿ ಪ್ಲಾಸ್ಟರ್, ಪುಟ್ಟಿ, ಬಣ್ಣ. ಕಡಪ ಕಲ್ಲಿನ ನೆಲ ತೆಗೆದು ಟೈಲ್ಸ್. ಬಚ್ಚಲಿಗೆ ಹೊಸ ಟೈಲ್ಸ್ ಮತ್ತು ನಲ್ಲಿ ಕೆಲಸ. ಅಡುಗೆಮನೆ ಮುಟ್ಟುವುದಿಲ್ಲ.

ಮನೆಯವರ ಕಾಗದದಲ್ಲಿ ಇದ್ದದ್ದು ಐದೇ ಸಾಲು:

| ಕೆಲಸ | ಪ್ರಮಾಣ | ದರ (ರೂ.) | ಮೊತ್ತ (ರೂ.) |
|---|---|---|---|
| ಪ್ಲಾಸ್ಟರ್ | 1,000 ಚದರಡಿ | 32 | 32,000 |
| ಪುಟ್ಟಿ, ಬಣ್ಣ | 1,000 ಚದರಡಿ | 24 | 24,000 |
| ನೆಲದ ಟೈಲ್ಸ್ | 343 ಚದರಡಿ | 115 | 39,445 |
| ಬಚ್ಚಲ ಟೈಲ್ಸ್ | 204 ಚದರಡಿ | 125 | 25,500 |
| ನಲ್ಲಿ, ಪೈಪು | ಒಟ್ಟಾಗಿ | | 20,000 |

ಮೇಸ್ತ್ರಿ ಕಾಗದದಲ್ಲಿ ಒಂದೇ ಸಾಲು. ಮೊತ್ತ ಅಷ್ಟೇ. "ಲೆಕ್ಕ ಕೊಡಿ" ಅಂದರೆ ಅವನ ಉತ್ತರ: "ನಾನು ಗೋಡೆ ನೋಡಿ ಹೇಳ್ತಿದೀನಿ ಸ್ವಾಮಿ, ಕಾಗದ ನೋಡಿ ಅಲ್ಲ." ಈ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ಸತ್ಯ ಇದೆ, ಮುಂದೆ ಗೊತ್ತಾಗುತ್ತದೆ.

ಇಲ್ಲಿ ಬರುವ ದರಗಳೆಲ್ಲ ಈ ಒಂದು ಮನೆಗೆ ಹಿಡಿದವು. ನಿಮ್ಮ ಊರಲ್ಲಿ, ನಿಮ್ಮ ವರ್ಷದಲ್ಲಿ ಬೇರೆ ಇರುತ್ತವೆ. ಹುಡುಕುವ ಕ್ರಮ ಮಾತ್ರ ಬದಲಾಗುವುದಿಲ್ಲ: ಮೊದಲು ಶೀಟು, ಆಮೇಲೆ ಅಳತೆ, ಆಮೇಲೆ ದರ, ಆಮೇಲೆ ಕಾಗದದಲ್ಲಿ ಇಲ್ಲದ ಕೆಲಸ, ಕೊನೆಗೆ ಎರಡು ಸಲ ಸೇರಿರುವುದು. ಅಗ್ಗದ ಪರೀಕ್ಷೆ ಮೊದಲು, ಗೋಡೆ ಕೆರೆಯುವ ಪರೀಕ್ಷೆ ಆಮೇಲೆ.

ಶೀಟು ಮತ್ತು ಯೂನಿಟ್ಟು

ಇದಕ್ಕೆ ಐದು ನಿಮಿಷ ಸಾಕು. ಶೀಟಿನಲ್ಲಿ ಮಧ್ಯೆ ಒಂದು ಸಾಲು ಸೇರಿಸಿದಾಗ, ಅಥವಾ ಕೊನೆಗೆ ಒಂದು ಸಾಲು ಬರೆದಾಗ, ಕೆಳಗಿನ ಮೊತ್ತ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇರಬಹುದು. "343 ಚದರಡಿ" ಅಂತ ಅಂಕಿ ಮತ್ತು ಅಕ್ಷರ ಒಂದೇ ಕೋಶದಲ್ಲಿ ಬರೆದರೆ ಅದು ಸಂಖ್ಯೆಯೇ ಅಲ್ಲ. ಪ್ರಮಾಣ C ಕಾಲಂ, ದರ D ಕಾಲಂ, ಮೊತ್ತ E ಕಾಲಂ, ಒಟ್ಟು E14ರಲ್ಲಿ, ಹನ್ನೆರಡು ಸಾಲು ಇವೆ ಅಂದುಕೊಳ್ಳಿ. ಖಾಲಿ ಜಾಗದಲ್ಲಿ ಈ ಎರಡನ್ನು ಬರೆಯಿರಿ:

```
=SUMPRODUCT(C2:C13,D2:D13)-E14
=COUNT(C2:C13)
```

ಮೊದಲನೆಯದು ಸೊನ್ನೆ ಬರಬೇಕು, ಎರಡನೆಯದು 12. ಬಾರದಿದ್ದರೆ ತಪ್ಪು ಶೀಟಿನಲ್ಲೇ ಇದೆ. ಒಟ್ಟಾಗಿ ಕೊಟ್ಟ ಮೊತ್ತಕ್ಕೂ ಪ್ರಮಾಣ 1, ದರದ ಜಾಗದಲ್ಲಿ ಆ ಮೊತ್ತ ಅಂತ ಹಾಕಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಈ ಮನೆಯ ಶೀಟಿನಲ್ಲಿ ಇಂಥ ತಪ್ಪು ಇರಲಿಲ್ಲ.

ಯೂನಿಟ್ಟಿನ ತಪ್ಪು ಇದ್ದರೆ ಅದು ಚಿಕ್ಕದಾಗಿ ಇರುವುದಿಲ್ಲ, ಹತ್ತು ಪಟ್ಟು ಅಥವಾ ನೂರು ಪಟ್ಟು ಇರುತ್ತದೆ. ನಮ್ಮ ಕಡೆ ಮೇಸ್ತ್ರಿಗಳು ಕೂಲಿಯನ್ನು ಚದರಕ್ಕೆ ಇಷ್ಟು ಅಂತ ಹೇಳುತ್ತಾರೆ. ಒಂದು ಚದರ ಅಂದರೆ 100 ಚದರಡಿ. ಚದರಕ್ಕೆ 3,400 ಅಂದರೆ ಚದರಡಿಗೆ 34. ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದರೆ ಎಸ್‌ಆರ್, ಚದರ ಮೀಟರಿಗೆ ಇರುತ್ತದೆ. ಒಂದು ಚದರ ಮೀಟರ್ 10.764 ಚದರಡಿ. ಹಾಗಾಗಿ ಚದರಡಿಗೆ 51 ರೂಪಾಯಿ ಅನ್ನುವುದು ಚದರ ಮೀಟರಿಗೆ 549 ಆಗುತ್ತದೆ. ಎಸ್‌ಆರ್ ಪುಸ್ತಕ ತೆರೆದು "ಅಬ್ಬಾ, ಸರ್ಕಾರದ ದರ ಇಷ್ಟೊಂದಾ" ಅಂತ ಗಾಬರಿ ಆಗುವವರು ಹೆಚ್ಚಿನ ಸಲ ನೋಡುತ್ತಿರುವುದು ಇದನ್ನೇ.

ಅಳತೆ

ಹಾಲಿನ ನಾಲ್ಕು ಗೋಡೆ ಸುತ್ತಳತೆ 56 ಅಡಿ, ರೂಮಿನದು 44. ಒಟ್ಟು 100 ಅಡಿ, ಎತ್ತರ 10. ಮನೆಯವರು ಬರೆದ 1,000 ಚದರಡಿ ಬಂದದ್ದು ಹೀಗೆ. ಬಾಗಿಲು ಕಿಟಕಿ ಕಳೆದಿಲ್ಲ.

ಕಳೆಯಬೇಕಾ? ಭಾರತೀಯ ಮಾನಕ ಐಎಸ್ 1200ರಲ್ಲಿ ಪ್ಲಾಸ್ಟರ್ ಅಳೆಯುವ ಭಾಗ ಇದಕ್ಕೆ ನಿಯಮ ಹೇಳುತ್ತದೆ. ಅರ್ಧ ಚದರ ಮೀಟರ್‌ವರೆಗಿನ ತೂತಿಗೆ ಕಳೆಯುವ ಹಾಗಿಲ್ಲ. ಅಲ್ಲಿಂದ 3 ಚದರ ಮೀಟರ್‌ವರೆಗಿನ ಬಾಗಿಲು ಕಿಟಕಿಗೆ, ಗೋಡೆಯ ಎರಡೂ ಮುಖಕ್ಕೆ ಪ್ಲಾಸ್ಟರ್ ಇದ್ದರೆ, ಒಂದೇ ಮುಖ ಕಳೆಯಬೇಕು. ಆಗ ಪಕ್ಕದ ಅಂಚುಗಳ ಗಾರೆಯನ್ನು ಬೇರೆಯಾಗಿ ಸೇರಿಸುವ ಹಾಗಿಲ್ಲ. ಮೂರಕ್ಕಿಂತ ದೊಡ್ಡದಿದ್ದರೆ ಎರಡೂ ಮುಖ ಕಳೆದು ಅಂಚು ಸೇರಿಸಬೇಕು. 3 ಚದರ ಮೀಟರ್ ಅಂದರೆ ಸುಮಾರು 32 ಚದರಡಿ. ಈ ಮನೆಯಲ್ಲಿ ಅಷ್ಟು ದೊಡ್ಡದು ಯಾವುದೂ ಇಲ್ಲ.

ನಿಯಮದ ಹಿಂದಿನ ಕಾರಣ ಕಲ್ಲಿನ ಗೋಡೆಯಲ್ಲಿ ಚೆನ್ನಾಗಿ ಕಾಣುತ್ತದೆ. ಇಲ್ಲಿನ ಕಿಟಕಿ 4ಕ್ಕೆ 4 ಅಡಿ, ಅಂದರೆ 16 ಚದರಡಿ. ಚೌಕಟ್ಟು ಹೊರಗಡೆ ಕೂತಿದೆ, ಒಳಗೆ ಒಂದು ಅಡಿ ಆಳದ ಅಂಚು ಉಳಿಯುತ್ತದೆ. ನಾಲ್ಕೂ ಕಡೆ ಸೇರಿ 16 ಅಡಿ ಉದ್ದ, 1 ಅಡಿ ಅಗಲ: ಅದೂ 16 ಚದರಡಿ. ಕಳೆದದ್ದು ಸೇರಿಸಿದ್ದು ಸಮ. ಅಂಚಿನ ಕೆಲಸ ಬೇರೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಕಿಟಕಿಗಳನ್ನು ಕಳೆಯಲಿಲ್ಲ. ಬಾಗಿಲುಗಳಲ್ಲಿ ಹೊರಬಾಗಿಲು 24.5, ಅಡುಗೆಮನೆಯದು 21, ಬಚ್ಚಲಿನದು 17.5, ಹಾಲ್ ಮತ್ತು ರೂಮಿನ ನಡುವಿನದು ಒಂದೇ ಮುಖಕ್ಕೆ 21. ಒಟ್ಟು 84 ಚದರಡಿ ಕಳೆದರೆ ಉಳಿಯುವುದು 916.

ಅಂದರೆ ಮನೆಯವರ ಅಳತೆ ಒಂಬತ್ತು ಪರ್ಸೆಂಟ್ ಜಾಸ್ತಿ ಇತ್ತು. ತಪ್ಪು ಹೌದು. ಆದರೆ ಅದು ಮೊತ್ತವನ್ನು ಏರಿಸುವ ತಪ್ಪು. ನಾವು ಹುಡುಕುತ್ತಿರುವುದು ಮೊತ್ತ ಕಡಿಮೆ ಯಾಕಾಯಿತು ಅಂತ. ಹಾಗಾಗಿ ಇಲ್ಲಿ ನಿಲ್ಲುವ ಹಾಗಿಲ್ಲ.

ದರ: ಗೋಡೆಯ ಮೇಲೆ ಎಷ್ಟು ದಪ್ಪ?

ಮೇಸ್ತ್ರಿ "ಗೋಡೆ ನೋಡಿ" ಅಂದದ್ದು ಇದಕ್ಕೆ. ಪ್ಲಾಸ್ಟರ್ ಚದರಡಿಗೆ 32 ರೂಪಾಯಿ ಅನ್ನುವುದು ಸುಳ್ಳು ದರ ಅಲ್ಲ. ಪಕ್ಕದ ಬೀದಿಯಲ್ಲಿ ಹೊಸ ಇಟ್ಟಿಗೆ ಮನೆ ಕಟ್ಟುತ್ತಿರುವವರು ಅಷ್ಟೇ ಕೊಡುತ್ತಿದ್ದರು. ಆದರೆ ಅದು 12 ಮಿಲಿಮೀಟರ್ ದಪ್ಪದ, ಒಂದೇ ಪದರದ ಪ್ಲಾಸ್ಟರಿಗೆ. ಸೈಜ್ ಕಲ್ಲಿನ ಮುಖ ಇಟ್ಟಿಗೆಯ ಹಾಗೆ ಸಮ ಇರುವುದಿಲ್ಲ. ಒಂದು ಕಲ್ಲು ಹೊರಗೆ ಉಬ್ಬಿರುತ್ತದೆ, ಪಕ್ಕದ ಸಂದು ಒಳಗೆ ಹೋಗಿರುತ್ತದೆ. ಗೋಡೆ ಒಂದು ಮಟ್ಟಕ್ಕೆ ಬರಬೇಕಾದರೆ ಉಬ್ಬಿದ ಕಲ್ಲಿನ ಮೇಲೆ 12 ಕೂತಾಗ ಸಂದಿನಲ್ಲಿ 35 ಕೂತಿರುತ್ತದೆ.

ದಪ್ಪವನ್ನು ಊಹೆ ಮಾಡಬೇಕಾಗಿಲ್ಲ, ಅಳೆಯಬಹುದು. ಒಂದು ಗೋಡೆಯ ಮೇಲೆ, ಮಧ್ಯೆ, ಕೆಳಗೆ, ಎಡಕ್ಕೆ, ನಡುವೆ, ಬಲಕ್ಕೆ ಹೀಗೆ ಒಂಬತ್ತು ಕಡೆ ಅಂಗೈ ಅಗಲ ಹಳೇ ಗಾರೆ ಕೆರೆದು ಕಲ್ಲು ಕಾಣುವ ಹಾಗೆ ಮಾಡಿ. ತೂಕದ ಗುಂಡು ಬಿಟ್ಟು, ಗೋಡೆಯ ಎರಡು ತುದಿಗೆ ದಾರ ಕಟ್ಟಿ. ಅತಿ ಹೆಚ್ಚು ಉಬ್ಬಿದ ಕಲ್ಲಿನಿಂದ ಕನಿಷ್ಠ ದಪ್ಪ ಬಿಟ್ಟು ದಾರ ಇರಲಿ. ಪ್ಲಾಸ್ಟರಿನ ದಪ್ಪಕ್ಕೆ ಗುರುತಾಗಿ ಮೇಸ್ತ್ರಿ ಗೋಡೆಯ ಮೇಲೆ ಗಾರೆಯ ಬುಲ್ ಮಾರ್ಕ್ ಇಡುವುದೂ ಇದೇ ಮಟ್ಟಕ್ಕೆ. ಆಮೇಲೆ ಒಂಬತ್ತು ಕಡೆ ದಾರದಿಂದ ಕಲ್ಲಿಗೆ ಸ್ಕೇಲ್ ಹಿಡಿಯಿರಿ. ಈ ಮನೆಯಲ್ಲಿ ಬಂದದ್ದು ಮಿಲಿಮೀಟರಿನಲ್ಲಿ: 14, 22, 31, 18, 27, 35, 24, 30, 24. ಕೂಡಿಸಿದರೆ 225, ಸರಾಸರಿ 25.

ಈಗ 100 ಚದರಡಿಗೆ, ಅಂದರೆ ಒಂದು ಚದರಕ್ಕೆ ಲೆಕ್ಕ ಹಾಕೋಣ. ಗಾರೆ ಒಂದಕ್ಕೆ ಆರು, ಇಟ್ಟಿಗೆ ಗೋಡೆಗೂ ಕಲ್ಲಿನ ಗೋಡೆಗೂ ಒಂದೇ.

ಇಟ್ಟಿಗೆ ಗೋಡೆಗೆ 12 ಮಿಮೀ ಅಂದರೆ 3.94 ಘನ ಅಡಿ. ಸಂದು, ಏರುತಗ್ಗಿಗೆ ಇಪ್ಪತ್ತು ಪರ್ಸೆಂಟ್ ಸೇರಿಸಿದರೆ 4.72. ಇದು ನೀರು ಹಾಕಿ ಕಲಸಿದ ಗಾರೆ. ಒಣ ಸಿಮೆಂಟು ಮರಳು ಕಲಸಿದಾಗ ಕುಗ್ಗುತ್ತವೆ, ಹಾಗಾಗಿ ಒಣ ಸಾಮಾನಿಗೆ 1.33ರಿಂದ ಗುಣಿಸುವುದು ರೂಢಿ. 6.28 ಘನ ಅಡಿ. ಇದನ್ನು ಏಳು ಭಾಗ ಮಾಡಿದರೆ ಒಂದು ಭಾಗ ಸಿಮೆಂಟು, ಆರು ಭಾಗ ಮರಳು. 50 ಕೆಜಿ ಮೂಟೆ ಸುಮಾರು 1.226 ಘನ ಅಡಿ. ಹಾಗಾಗಿ ಸಿಮೆಂಟು 0.73 ಮೂಟೆ, ಮರಳು 5.39 ಘನ ಅಡಿ.

ಕಲ್ಲಿನ ಗೋಡೆಗೆ ಸರಾಸರಿ 25 ಮಿಮೀ ಅಂದರೆ 8.20 ಘನ ಅಡಿ. ಇಲ್ಲಿ ಸಂದಿಗೆ ಮತ್ತೆ ಇಪ್ಪತ್ತು ಪರ್ಸೆಂಟ್ ಸೇರಿಸಬಾರದು, ಯಾಕೆಂದರೆ ಅಳೆದ ಸರಾಸರಿಯಲ್ಲೇ ಸಂದು ಸೇರಿದೆ. 1.33ರಿಂದ ಗುಣಿಸಿದರೆ 10.91. ಸಿಮೆಂಟು 1.27 ಮೂಟೆ, ಮರಳು 9.35 ಘನ ಅಡಿ.

ಸಿಮೆಂಟು ಮೂಟೆಗೆ 400, ಗಾರೆಗೆ ಬಳಸುವ ನಯವಾದ ಎಂ-ಸ್ಯಾಂಡ್ ಮನೆ ಬಾಗಿಲಿಗೆ ಬಂದು ಘನ ಅಡಿಗೆ 60 ಹಿಡಿದರೆ, ಚದರಡಿಗೆ ಸಾಮಾನು 6.15 ಇದ್ದದ್ದು 10.70 ಆಯಿತು. ಕೂಲಿಯೂ ಏರುತ್ತದೆ. 25 ಮಿಮೀ ಗಾರೆಯನ್ನು ಒಂದೇ ಸಲ ಬಡಿದರೆ ಭಾರಕ್ಕೆ ಜಾರುತ್ತದೆ, ಒಣಗುವಾಗ ಬಿರುಕು ಬಿಡುತ್ತದೆ. ಮೊದಲ ಪದರ ಹಾಕಿ, ಮೈ ಕೆರೆದು ಒರಟು ಮಾಡಿ ಬಿಟ್ಟು, ಮೇಲಿನ ಪದರ ಆಮೇಲೆ ಹಾಕಬೇಕು. ಕೂಲಿ ಚದರಡಿಗೆ 22ರ ಜಾಗದಲ್ಲಿ 34. ಸಾಮಾನು ಕೂಲಿ ಸೇರಿ 44.70. ಸಾರುವೆ, ಉಪಕರಣ, ಮೇಸ್ತ್ರಿಯ ಲಾಭ ಅಂತ ಹದಿನೈದು ಪರ್ಸೆಂಟ್ ಇಟ್ಟರೆ 51 ರೂಪಾಯಿ. ಅದೇ ಕ್ರಮದಲ್ಲಿ ಇಟ್ಟಿಗೆ ಗೋಡೆಗೆ 28.15 ಇದ್ದದ್ದು 32 ಆಗುತ್ತದೆ. ಮನೆಯವರ ದರ ಬಂದದ್ದು ಅಲ್ಲಿಂದಲೇ.

916 ಚದರಡಿಗೆ 19 ರೂಪಾಯಿ ವ್ಯತ್ಯಾಸ ಅಂದರೆ 17,404. ಅಳತೆ ಹಿಡಿಯುವ ಟೇಪಿಗೆ ಈ ತಪ್ಪು ಕಾಣುವುದಿಲ್ಲ. ಉದ್ದ ಅಗಲ ಎಲ್ಲ ಸರಿಯಾಗೇ ಇರುತ್ತದೆ. ಅದಕ್ಕೇ ಕೆಲಸ, ಪ್ರಮಾಣ, ದರ ಬರೆಯುವ ಬಿಲ್ ಆಫ್ ಕ್ವಾಂಟಿಟೀಸ್‌ನಲ್ಲಿ, ಅಂದರೆ ಬಿಒಕ್ಯುನಲ್ಲಿ, "ಪ್ಲಾಸ್ಟರ್" ಅಂತ ಒಂದು ಪದ ಬರೆದು ಬಿಡಬಾರದು. ಯಾವ ಗೋಡೆ, ಎಷ್ಟು ದಪ್ಪ, ಯಾವ ಪಾಕ, ಎಷ್ಟು ಪದರ ಅಂತ ಬರೆಯಬೇಕು. ಎಸ್‌ಆರ್‌ನಲ್ಲಿ ಒಂದೊಂದು ಐಟಮ್ಮಿಗೆ ಅಷ್ಟುದ್ದ ವಿವರ ಇರುವುದು ಇದಕ್ಕೇ.

ಇದಕ್ಕೊಂದು ಮಿತಿ ಇದೆ. ಸ್ಕೇಲಿನಲ್ಲಿ ಅಲ್ಲಲ್ಲಿ 40 ಮಿಮೀ ದಾಟಿದರೆ ಅದನ್ನು ಪ್ಲಾಸ್ಟರಿನ ಸರಾಸರಿಗೆ ಸೇರಿಸಬೇಡಿ. ಅಲ್ಲಿ ಮೊದಲು ಕಲ್ಲಿನ ಚಕ್ಕೆ ಮತ್ತು ಗಾರೆ ತುಂಬಿಸಿ ಮುಚ್ಚುವ ಕೆಲಸ ಬೇರೆಯಾಗಿ ಬರೆಯಿರಿ. ಗೋಡೆಯ ಕೆಳಗಿನ ಎರಡು ಮೂರು ಅಡಿ ಮಾತ್ರ ಪುಡಿ ಪುಡಿಯಾಗಿ ಉದುರುತ್ತಿದ್ದು ಬಿಳಿ ಉಪ್ಪು ಕಾಣುತ್ತಿದ್ದರೆ ಅದು ನೆಲದ ತೇವ. ಅದಕ್ಕೆ ಎಷ್ಟು ಒಳ್ಳೆಯ ದರ ಹಿಡಿದು ಪ್ಲಾಸ್ಟರ್ ಮಾಡಿದರೂ ಮತ್ತೆ ಉದುರುತ್ತದೆ. ಬಜೆಟ್ ಮಾಡುವ ಮೊದಲು ತೇವ ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು. ಈ ಮನೆಯಲ್ಲಿ ಗೋಡೆ ಒಣಗಿತ್ತು.

ಕಾಗದದಲ್ಲಿ ಇಲ್ಲದ ಕೆಲಸ

ಇರುವ ಸಾಲನ್ನು ಪರೀಕ್ಷಿಸುವುದು ಸುಲಭ. ಇಲ್ಲದ ಸಾಲು ಹೇಗೆ ಕಾಣುತ್ತದೆ? ಒಂದು ಉಪಾಯ ಇದೆ. ಮನೆಯೊಳಗೆ ನಿಂತು ಕೆಲಸವನ್ನು ಮೊದಲ ದಿನದಿಂದ ಕ್ರಮವಾಗಿ ಬಾಯಲ್ಲಿ ಹೇಳುತ್ತಾ ಹೋಗಿ. ಹೊಸದಾಗಿ ಹಾಕುವ ಪ್ರತಿಯೊಂದಕ್ಕೂ ಮೂರು ಪ್ರಶ್ನೆ: ಇದು ಕೂರುವ ಜಾಗದಲ್ಲಿ ಈಗ ಏನಿದೆ, ಅದು ಎಲ್ಲಿಗೆ ಹೋಗುತ್ತದೆ, ಇದರ ಅಂಚು ಎಲ್ಲಿ ಮುಗಿಯುತ್ತದೆ?

ಮೊದಲ ಪ್ರಶ್ನೆಗೆ ಮೂರು ಸಾಲು ಸಿಕ್ಕವು. ಹಳೇ ಗಾರೆ ಕೀಳುವುದು 916 ಚದರಡಿ, 9 ರೂಪಾಯಿಯಂತೆ 8,244. ಕಡಪ ಕಲ್ಲಿನ ನೆಲ ಎಬ್ಬಿಸುವುದು 312 ಚದರಡಿ, 15ರಂತೆ 4,680. ಬಚ್ಚಲ ಟೈಲ್ಸ್ ಒಡೆಯುವುದು 186 ಚದರಡಿ, 15ರಂತೆ 2,790. ಹೊಸ ಮನೆಯ ಎಸ್ಟಿಮೇಟ್ ನೋಡಿ ನವೀಕರಣದ ಬಜೆಟ್ ಬರೆದರೆ ಈ ಮೂರೂ ಬಿಟ್ಟುಹೋಗುತ್ತವೆ. ಹೊಸ ಮನೆಯಲ್ಲಿ ಕೀಳುವುದೇನೂ ಇರುವುದಿಲ್ಲ, ಅಲ್ವಾ?

ಎರಡನೆಯ ಪ್ರಶ್ನೆಗೆ ಉತ್ತರ ಡೆಬ್ರಿಸ್. ಹಳೇ ಗಾರೆ 916 ಚದರಡಿಗೆ ಒಂದು ಇಂಚಿನಷ್ಟು ದಪ್ಪ ಇತ್ತು: 76 ಘನ ಅಡಿ. ನೆಲದ ಕಲ್ಲು, ಅದರ ಕೆಳಗಿನ ಗಾರೆ ಸೇರಿ 3 ಇಂಚು: 78. ಬಚ್ಚಲಿನ ಟೈಲ್ಸ್ ಮತ್ತು ಹಿಂದಿನ ಗಾರೆ 2 ಇಂಚು: 31. ಒಟ್ಟು 185 ಘನ ಅಡಿ. ಆದರೆ ಗೋಡೆಯಲ್ಲಿದ್ದಾಗ ಇದ್ದ ಗಾತ್ರ ಇದು. ಕಿತ್ತು ರಾಶಿ ಹಾಕಿದಾಗ ಮಧ್ಯೆ ಮಧ್ಯೆ ಗಾಳಿ ಸೇರಿ ಒಂದೂವರೆ ಪಟ್ಟು ಉಬ್ಬುತ್ತದೆ. 278 ಘನ ಅಡಿ. ಸುಮಾರು 100 ಘನ ಅಡಿ ಹಿಡಿಸುವ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಮೂರು ಲೋಡು. ತುಂಬಿಸುವ ಕೂಲಿ ಸೇರಿ ಲೋಡಿಗೆ 2,800ರಂತೆ 8,400. ಉಬ್ಬುವುದನ್ನು ಮರೆತರೆ ಎರಡೇ ಲೋಡು ಅಂತ ಬರೆಯುತ್ತೀರಿ, ಮೂರನೆಯದು ಮನೆ ಮುಂದೆ ರಸ್ತೆಯಲ್ಲಿ ಬಿದ್ದಿರುತ್ತದೆ. ಟ್ರ್ಯಾಕ್ಟರ್ ಬಾರದ ಓಣಿ ಇದ್ದರೆ ಮೂಟೆ ಕಟ್ಟಿ ಹೊರುವ ಕೂಲಿ ಬೇರೆ.

ಮೂರನೆಯ ಪ್ರಶ್ನೆ ಚಿಕ್ಕ ಚಿಕ್ಕ ಸಾಲುಗಳನ್ನು ಹೊರಗೆ ಎಳೆಯುತ್ತದೆ. ನೆಲದ ಟೈಲ್ಸ್ ಗೋಡೆಗೆ ತಾಗುವಲ್ಲಿ ಸ್ಕರ್ಟಿಂಗ್ ಬೇಕು. 100 ಅಡಿ ಸುತ್ತಳತೆಯಲ್ಲಿ ಬಾಗಿಲುಗಳ ಅಗಲ 15 ಅಡಿ ಕಳೆದು 85 ರನ್ನಿಂಗ್ ಅಡಿ, 45ರಂತೆ 3,825. ಗೋಡೆಯ ಬಣ್ಣ ಮೇಲೆ ಸೂರಿಗೆ ತಾಗುತ್ತದೆ. ಹೊಸ ಗೋಡೆಯ ಮೇಲೆ ಮಸಿ ಹಿಡಿದ ಚಪ್ಪಡಿ ಬಿಡುವುದಕ್ಕೆ ಆಗುವುದಿಲ್ಲ. ಪುಟ್ಟಿ ಇಲ್ಲದೆ ಪ್ರೈಮರ್ ಮತ್ತು ಬಣ್ಣ ಮಾತ್ರ, 312 ಚದರಡಿ, 12ರಂತೆ 3,744. ಬಚ್ಚಲಿನ ಟೈಲ್ಸ್ ಕೆಳಗೆ ವಾಟರ್‌ಪ್ರೂಫಿಂಗ್, ನೆಲ 35 ಮತ್ತು ಸುತ್ತ ಗೋಡೆಗೆ ಒಂದು ಅಡಿ ಎತ್ತರ 24, ಒಟ್ಟು 59 ಚದರಡಿ, 60ರಂತೆ 3,540. ಟೈಲ್ಸ್ ಕೂರಿಸಿದ ಮೇಲೆ ಇದನ್ನು ಮಾಡಬೇಕಾದರೆ ಎಲ್ಲ ಒಡೆಯಬೇಕು.

ಬಿಟ್ಟುಹೋದ ಸಾಲುಗಳ ಒಟ್ಟು 35,223. ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ. ದರ ತಪ್ಪಿದ್ದಕ್ಕಿಂತ ಎರಡು ಪಟ್ಟು.

ಎರಡು ಸಲ ಸೇರಿದ್ದು

ನೆಲ 312 ಚದರಡಿ. ಮನೆಯವರು 343 ಬರೆದಿದ್ದಾರೆ, ಹೊಸ ಟೈಲ್ ಒಡೆದು ಹೋಗುವುದಕ್ಕೆ ಹತ್ತು ಪರ್ಸೆಂಟ್ ಸೇರಿಸಿ. ಬಚ್ಚಲು ಗೋಡೆ 7 ಅಡಿ ಎತ್ತರಕ್ಕೆ 168, ಬಾಗಿಲು 17.5 ಕಳೆದು, ನೆಲ 35 ಸೇರಿಸಿದರೆ 185.5. ಅದಕ್ಕೂ ಹತ್ತು ಪರ್ಸೆಂಟ್ ಸೇರಿಸಿ 204.

ಆದರೆ ದರ ಬಿಡಿಸಿ ನೋಡಿ. ನೆಲಕ್ಕೆ 115 ಬಂದದ್ದು ಹೀಗೆ: ಟೈಲ್ 52, ಒಡೆದು ಹೋಗುವುದಕ್ಕೆ 5, ಕೆಳಗಿನ ಗಾರೆ 16, ಕೂಲಿ 25, ಗ್ರೌಟ್ 2. ಒಟ್ಟು 100, ಮೇಲೆ ಹದಿನೈದು ಪರ್ಸೆಂಟ್. ಒಡೆಯುವುದು ದರದಲ್ಲೇ ಇದೆ. ಪ್ರಮಾಣದಲ್ಲಿ ಮತ್ತೆ ಸೇರಿಸಿದರೆ ಇಲ್ಲದ ನೆಲಕ್ಕೆ ಗಾರೆ ಮತ್ತು ಕೂಲಿ ಕೊಟ್ಟ ಹಾಗೆ. ಬಚ್ಚಲಿನ 125 ದರವೂ ಹೀಗೇ ಕಟ್ಟಿದ್ದು. ಬಿಒಕ್ಯುನಲ್ಲಿ ಬರೆಯಬೇಕಾದದ್ದು ಕೆಲಸ ಮುಗಿದ ಮೇಲೆ ಟೇಪು ಹಿಡಿದು ಅಳೆದರೆ ಸಿಗುವ ಅಳತೆ. ಅಂಗಡಿಗೆ ಹೋಗುವಾಗ ಮಾತ್ರ 343 ಸರಿ. 2 ಅಡಿಯ ಟೈಲ್ ಪೆಟ್ಟಿಗೆಗೆ ನಾಲ್ಕು, ಸುಮಾರು 15.5 ಚದರಡಿ. 23 ಪೆಟ್ಟಿಗೆ ಬೇಕು. ಆ ಲೆಕ್ಕ ಬೇರೆ ಹಾಳೆಯಲ್ಲಿರಲಿ.

ಅಂತರ ಕೂಡುತ್ತದಾ?

ಸಿಕ್ಕ ತಪ್ಪುಗಳೆಲ್ಲ ಸೇರಿ ಪೂರ್ತಿ ಅಂತರವನ್ನು ವಿವರಿಸಬೇಕು. ಒಂದು ರೂಪಾಯಿ ಉಳಿದರೂ ಇನ್ನೂ ಏನೋ ಇದೆ ಅಂತ ಅರ್ಥ.

1,40,945ರಿಂದ ಶುರು ಮಾಡಿ. ಬಿಟ್ಟ ಸಾಲುಗಳು 35,223 ಸೇರಿಸಿ. ಪ್ಲಾಸ್ಟರ್ 32,000 ಇದ್ದದ್ದು ಸರಿಯಾದ ಅಳತೆ ಮತ್ತು ದರಕ್ಕೆ 46,716 ಆಯಿತು, 14,716 ಸೇರಿಸಿ. ಗೋಡೆ ಬಣ್ಣದ ಅಳತೆ 84 ಚದರಡಿ ಇಳಿಯಿತು, 2,016 ಕಳೆಯಿರಿ. ನೆಲದ ಟೈಲ್ಸ್‌ನಲ್ಲಿ 3,565, ಬಚ್ಚಲ ಟೈಲ್ಸ್‌ನಲ್ಲಿ 2,250 ಕಳೆಯಿರಿ. ಬಂದದ್ದು 1,83,053. ಹೊಸ ಶೀಟಿನ ಒಟ್ಟು ಕೂಡ ಅಷ್ಟೇ. ಕೂಡಿತು.

ಕಳೆದ ಮೂರು ಮೊತ್ತ ಸೇರಿ 7,831 ಆಗುತ್ತದೆ ಅನ್ನುವುದನ್ನು ನೋಡಿ. ಏರಿಸುವ ತಪ್ಪುಗಳು ಇಳಿಸುವ ತಪ್ಪುಗಳನ್ನು ಅಷ್ಟರ ಮಟ್ಟಿಗೆ ಮುಚ್ಚಿಟ್ಟಿದ್ದವು. ಬರೀ ಒಟ್ಟು ಮೊತ್ತ ನೋಡುವವರಿಗೆ ಇವು ಯಾವತ್ತೂ ಸಿಗುವುದಿಲ್ಲ.

ಮೇಸ್ತ್ರಿಯ 2,25,000 ಕಡೆಯಿಂದಲೂ ಇಳಿದು ಬರಬೇಕು. ಕೂತು ಕೇಳಿದಾಗ ಅವನು ಬಾಗಿಲು ಕಳೆಯದೇ 1,000 ಹಿಡಿದದ್ದು ಗೊತ್ತಾಯಿತು. ಪ್ಲಾಸ್ಟರ್, ಬಣ್ಣ ಎರಡೂ ಸೇರಿ 6,300. ಸೂರಿಗೂ ಪ್ಲಾಸ್ಟರ್ ಮತ್ತು ಪುಟ್ಟಿ ಅಂತ ತಿಳಿದಿದ್ದ, ಅದು 19,656. ಚಪ್ಪಡಿಗೆ ಅದು ಬೇಡ ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಇವೆರಡು ತೆಗೆದರೂ ಸುಮಾರು 16,000 ಉಳಿಯಿತು. "ಹಳೇ ಮನೆ ಸ್ವಾಮಿ, ಕಿತ್ತ ಮೇಲೆ ಏನ್ ಸಿಗುತ್ತೋ" ಅಂತ ಅವನು ಇಟ್ಟುಕೊಂಡ ಹಣ ಅದು. ಅದು ಮೋಸ ಅಲ್ಲ. ಆದರೆ ಆ ಹಣ ಇರಬೇಕಾದದ್ದು ಮನೆಯವರ ಹತ್ತಿರ, ದರದೊಳಗೆ ಬಚ್ಚಿಟ್ಟು ಅಲ್ಲ. ಏನೂ ಸಿಗದಿದ್ದರೆ ಅದು ಉಳಿಯಬೇಕು, ಅಲ್ವಾ?

ಬಿಲ್ ಆಫ್ ಕ್ವಾಂಟಿಟೀಸ್ ಸಾರಾಂಶ

| ಕ್ರ. ಸಂ. | ಕೆಲಸದ ವಿವರ | ಪ್ರಮಾಣ | ಯೂನಿಟ್ | ದರ (ರೂ.) | ಮೊತ್ತ (ರೂ.) |
|---|---|---|---|---|---|
| 1 | ಒಳಗೋಡೆಯ ಹಳೇ ಗಾರೆ ಕೀಳುವುದು, ಸಂದು ಶುದ್ಧ ಮಾಡುವುದು | 916 | ಚದರಡಿ | 9 | 8,244 |
| 2 | ಕಡಪ ಕಲ್ಲಿನ ನೆಲ, ಕೆಳಗಿನ ಗಾರೆ ತೆಗೆಯುವುದು | 312 | ಚದರಡಿ | 15 | 4,680 |
| 3 | ಬಚ್ಚಲ ಹಳೇ ಟೈಲ್ಸ್ ತೆಗೆಯುವುದು | 186 | ಚದರಡಿ | 15 | 2,790 |
| 4 | ಡೆಬ್ರಿಸ್ ತುಂಬಿಸಿ ಸಾಗಿಸುವುದು | 3 | ಲೋಡು | 2,800 | 8,400 |
| 5 | ಕಲ್ಲಿನ ಗೋಡೆಗೆ ಪ್ಲಾಸ್ಟರ್, 1:6, ಎರಡು ಪದರ, ಸರಾಸರಿ 25 ಮಿಮೀ | 916 | ಚದರಡಿ | 51 | 46,716 |
| 6 | ಗೋಡೆಗೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಬಣ್ಣ | 916 | ಚದರಡಿ | 24 | 21,984 |
| 7 | ಚಪ್ಪಡಿ ಸೂರಿಗೆ ಪ್ರೈಮರ್, ಬಣ್ಣ | 312 | ಚದರಡಿ | 12 | 3,744 |
| 8 | ನೆಲಕ್ಕೆ 2 ಅಡಿಯ ವಿಟ್ರಿಫೈಡ್ ಟೈಲ್ಸ್, ಗಾರೆ ಸಮೇತ | 312 | ಚದರಡಿ | 115 | 35,880 |
| 9 | ಸ್ಕರ್ಟಿಂಗ್ | 85 | ರನ್ನಿಂಗ್ ಅಡಿ | 45 | 3,825 |
| 10 | ಬಚ್ಚಲಿಗೆ ವಾಟರ್‌ಪ್ರೂಫಿಂಗ್ | 59 | ಚದರಡಿ | 60 | 3,540 |
| 11 | ಬಚ್ಚಲಿಗೆ ಟೈಲ್ಸ್, ಗೋಡೆ ಮತ್ತು ನೆಲ | 186 | ಚದರಡಿ | 125 | 23,250 |
| 12 | ನಲ್ಲಿ, ಪೈಪು (ಅಂದಾಜು ಮೊತ್ತ) | 1 | ಒಟ್ಟಾಗಿ | 20,000 | 20,000 |
| | ಕೆಲಸದ ಮೊತ್ತ | | | | 1,83,053 |
| | ಅನಿರೀಕ್ಷಿತ ಖರ್ಚಿಗೆ 10% | | | | 18,305 |
| | ಬಜೆಟ್ | | | | 2,01,358 |

ಈ ಕೋಷ್ಟಕವನ್ನು ಮೇಸ್ತ್ರಿಗೆ ಕೊಡುವಾಗ ದರ ಮತ್ತು ಮೊತ್ತದ ಕಾಲಂ ಖಾಲಿ ಬಿಟ್ಟು ಕೊಡಿ. ಅನಿರೀಕ್ಷಿತ ಖರ್ಚಿನ ಸಾಲನ್ನು ಕೊಡಲೇಬೇಡಿ, ಅದು ನಿಮ್ಮ ಪ್ರತಿಯಲ್ಲಿ ಮಾತ್ರ. ಇಬ್ಬರು ಮೂವರು ಮೇಸ್ತ್ರಿಗಳು ಇದೇ ಹನ್ನೆರಡು ಸಾಲಿಗೆ ದರ ತುಂಬಿದರೆ ಯಾರು ಎಲ್ಲಿ ಜಾಸ್ತಿ ಕೇಳುತ್ತಿದ್ದಾರೆ ಅಂತ ಸಾಲಿಗೆ ಸಾಲು ಕಾಣುತ್ತದೆ.

12ನೇ ಸಾಲು ಇನ್ನೂ ದುರ್ಬಲ. ಬಚ್ಚಲ ಗೋಡೆ ಒಡೆಯುವ ತನಕ ಹಳೇ ಪೈಪು ಹೇಗಿದೆ ಅಂತ ಗೊತ್ತಾಗುವುದಿಲ್ಲ. ಒಡೆದ ದಿನವೇ ಪಾಯಿಂಟ್ ಎಣಿಸಿ ಆ ಸಾಲನ್ನು ಬಿಡಿಸಿ ಬರೆಯಿರಿ. 4 ಮತ್ತು 5ನೇ ಸಾಲನ್ನೂ ಕೆಲಸದ ಮಧ್ಯೆ ಮತ್ತೆ ನೋಡಬೇಕು. ಪೂರ್ತಿ ಗಾರೆ ಕಿತ್ತ ಮೇಲೆ ಎಲ್ಲ ಗೋಡೆಗೂ ದಾರ ಕಟ್ಟಿ ಸರಾಸರಿ ಮತ್ತೊಮ್ಮೆ ತೆಗೆಯಿರಿ. ಒಂಬತ್ತು ಕಡೆ ನೋಡಿದ್ದು ಒಂದೇ ಗೋಡೆಯನ್ನು. ಸರಾಸರಿ 25ರ ಬದಲು 30 ಬಂದರೆ ಸಾಮಾನಿನ ಖರ್ಚು ಚದರಡಿಗೆ ಎರಡು ರೂಪಾಯಿಯಷ್ಟು ಏರುತ್ತದೆ. ಅದನ್ನು ಅನಿರೀಕ್ಷಿತ ಖರ್ಚಿನಿಂದ ಕೊಡಬಹುದು.

ಜಿಎಸ್‌ಟಿ ಕೋಷ್ಟಕದಲ್ಲಿ ಇಲ್ಲ. ಈ ಮೇಸ್ತ್ರಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಅವನು ಬಿಲ್ಲಿನಲ್ಲಿ ತೆರಿಗೆ ಹಾಕುವ ಹಾಗಿಲ್ಲ. ನೋಂದಣಿ ಇರುವ ಗುತ್ತಿಗೆದಾರರಿಗೆ ಸಾಮಾನು ಸಮೇತ ಕೆಲಸ ಕೊಟ್ಟರೆ 18% ಬರುತ್ತದೆ: 1,83,053ರ ಮೇಲೆ 32,950. ಆಗ ಅವರು ಸಿಮೆಂಟು, ಟೈಲ್ಸ್ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಪಡೆಯಬಹುದು. ದರ ಕೇಳುವಾಗಲೇ "ಜಿಎಸ್‌ಟಿ ಬಿಟ್ಟು ದರ ಹೇಳಿ" ಅಂತ ಕೇಳಿ. ತೆರಿಗೆ ಸೇರಿದ ದರದ ಮೇಲೆ ಮತ್ತೆ 18% ಹಾಕಿದರೆ ಅದೂ ಎರಡು ಸಲ ಸೇರಿದ್ದೇ.